ಒಂದೇ ಸಲ ಮಲಗಿದ ಊರು

1519ರ ನವೆಂಬರ್ 8ರಂದು ಎರ್ನಾನ್ ಕೊರ್ತೆಸ್ ಎಂಬ ಸ್ಪೇನಿನವನು ಟೆನೊಚ್ಟಿಟ್ಲಾನ್ ನಗರದೊಳಗೆ ಕಾಲಿಟ್ಟ. ಇವತ್ತಿನ ಮೆಕ್ಸಿಕೊ ನಗರ ಇರುವ ಜಾಗದಲ್ಲೇ ಆಗ ಒಂದು ದೊಡ್ಡ ಸರೋವರವಿತ್ತು. ಅದರ ನಡುವಿನ ದ್ವೀಪದಲ್ಲಿ ಮೆಶಿಕಾ ಜನರ, ಅಂದರೆ ನಾವು ಆಸ್ಟೆಕ್ ಎಂದು ಕರೆಯುವವರ, ರಾಜಧಾನಿ. ಅಲ್ಲಿ ಎರಡು ಲಕ್ಷದಷ್ಟು ಜನರಿದ್ದರೆಂದು ಅನೇಕ ಇತಿಹಾಸಕಾರರ ಅಂದಾಜು. ಆ ಕಾಲದ ಸ್ಪೇನಿನಲ್ಲಿ ಅಷ್ಟು ದೊಡ್ಡ ಊರು ಒಂದೂ ಇರಲಿಲ್ಲ. ಕೊರ್ತೆಸ್ ಹಡಗಿನಿಂದ ಇಳಿಸಿಕೊಂಡು ಬಂದಿದ್ದ ಸೈನಿಕರು ಐನೂರರ ಆಸುಪಾಸು, ಕುದುರೆಗಳು 16. ಎಂದರೆ ನಗರದ ನಾನೂರು ಮಂದಿಗೆ ಒಬ್ಬ ಸೈನಿಕ. ಇನ್ನೂ ಎರಡು ವರ್ಷ ತುಂಬುವ ಮೊದಲೇ, 1521ರ ಆಗಸ್ಟ್ 13ರಂದು, ಆ ನಗರ ಅವನ ಕೈಸೇರಿತು.

ಕತ್ತಿ, ಕುದುರೆ, ತೋಪು ಎಂದು ಶಾಲೆಯ ಪಾಠದಲ್ಲಿ ಓದಿದ್ದೇವೆ. ಅವು ಸುಳ್ಳಲ್ಲ. ಆದರೆ ನಾನೂರಕ್ಕೆ ಒಂದರ ಲೆಕ್ಕ ಅವುಗಳಿಂದ ಸರಿಹೋಗುವುದಿಲ್ಲ. ಸರಿಹೋಗುವುದಿಲ್ಲ ಎಂಬುದಕ್ಕೆ ಸಾಕ್ಷಿಯೂ ಇದೆ. 1520ರ ಜೂನ್ 30ರ ರಾತ್ರಿ ನಗರದ ಜನ ತಿರುಗಿಬಿದ್ದು ಸ್ಪೇನಿನವರನ್ನು ಹೊಡೆದೋಡಿಸಿದರು. ಆ ಒಂದು ರಾತ್ರಿ ಕೊರ್ತೆಸ್‌ನ ನೂರಾರು ಸೈನಿಕರು ಸತ್ತರು. ಉಳಿದವರು ಗಾಯಗೊಂಡು, ತೋಪುಗಳನ್ನು ಕಳೆದುಕೊಂಡು, ಮಿತ್ರರಾಜ್ಯವಾದ ಟ್ಲಶ್ಕಾಲಾಕ್ಕೆ ಓಡಿಹೋಗಿ ಸುಧಾರಿಸಿಕೊಂಡರು. ಕತ್ತಿ, ಕುದುರೆ, ತೋಪುಗಳ ಪರೀಕ್ಷೆ ಆ ರಾತ್ರಿಯೇ ನಡೆದುಹೋಯಿತು, ಗೆದ್ದವರು ಮೆಶಿಕಾಗಳು. ಅಲ್ಲಿಂದ ಮುಂದಿನ ಹದಿಮೂರು ತಿಂಗಳಲ್ಲಿ ಬದಲಾದದ್ದು ಏನು ಎಂಬುದೇ ಪ್ರಶ್ನೆ. ಅದಕ್ಕಿರುವ ಉತ್ತರದಲ್ಲಿ ದೊಡ್ಡ ಪಾಲು ಸಿಡುಬಿನದು.

ಸಿಡುಬು ಅಮೆರಿಕಕ್ಕೆ ಕೊಲಂಬಸ್ ಜೊತೆಗೇ ಬಂತು ಎಂದು ಎಷ್ಟೋ ಜನ ಭಾವಿಸಿದ್ದಾರೆ. ಬರಲಿಲ್ಲ. 1492ರಲ್ಲಿ ಮೊದಲ ಹಡಗು ಬಂದರೆ ಸಿಡುಬು ಕಾಣಿಸಿಕೊಂಡದ್ದು 1518ರ ಕೊನೆಯಲ್ಲಿ, ಹಿಸ್ಪಾನಿಯೋಲಾ ದ್ವೀಪದಲ್ಲಿ. ಇಪ್ಪತ್ತಾರು ವರ್ಷ ಅದನ್ನು ತಡೆದು ನಿಲ್ಲಿಸಿದ್ದು ಕಡಲಿನ ಅಗಲ. ಸಿಡುಬು ಸೋಂಕಿದ ಮನುಷ್ಯ ಸುಮಾರು ಹನ್ನೆರಡು ದಿನ ಏನೂ ಆಗದವನಂತೆ ಓಡಾಡಿಕೊಂಡಿರುತ್ತಾನೆ. ಆಮೇಲೆ ಜ್ವರ, ಎರಡು ಮೂರು ದಿನ ಬಿಟ್ಟು ಮೈತುಂಬ ಗುಳ್ಳೆ. ಗುಳ್ಳೆ ಒಣಗಿ ಹಕ್ಕಳೆ ಪೂರ್ತಿ ಉದುರುವ ತನಕ, ಹೆಚ್ಚುಕಡಿಮೆ ಮೂರು ವಾರ, ಅವನಿಂದ ಇನ್ನೊಬ್ಬರಿಗೆ ಅಂಟಬಹುದು. ಅಷ್ಟರಲ್ಲಿ ಸಾಯುತ್ತಾನೆ, ಇಲ್ಲವೇ ಬದುಕಿ ಮತ್ತೆಂದೂ ಸಿಡುಬು ಬರದವನಾಗುತ್ತಾನೆ. ಕೊಲಂಬಸ್‌ನ ಮೊದಲ ಹಡಗುಗಳು ಕನೇರಿ ದ್ವೀಪದಿಂದ ಅಮೆರಿಕದ ದಡ ಮುಟ್ಟಲು ತೆಗೆದುಕೊಂಡದ್ದು 36 ದಿನ. ಹೊರಡುವ ದಿನವೇ ಸೋಂಕು ತಗುಲಿದ ನಾವಿಕನ ಕಾಯಿಲೆಯ ಕಥೆ ದಡ ಸೇರುವ ಹೊತ್ತಿಗೆ ಮುಗಿದಿರುತ್ತಿತ್ತು. ಬೆಂಕಿ ಆರದೆ ದಡ ತಲುಪಬೇಕಾದರೆ, ಅದು ದಾರಿಯಲ್ಲೇ ಒಬ್ಬನಿಂದ ಇನ್ನೊಬ್ಬನಿಗೆ ಹತ್ತಬೇಕು. ಆ ಇನ್ನೊಬ್ಬನಿಗೆ ಹಿಂದೆಂದೂ ಸಿಡುಬು ಆಗಿರಬಾರದು. ಹಡಗಿನಲ್ಲಿದ್ದವರಾದರೋ ಬಹುಪಾಲು ವಯಸ್ಕ ಗಂಡಸರು, ಯುರೋಪಿನ ಊರುಗಳಲ್ಲಿ ಬಾಲ್ಯದಲ್ಲೇ ಸಿಡುಬು ಹಾಯ್ದು ಬಂದವರು. ಹತ್ತಿಕೊಳ್ಳಲು ಸೌದೆಯೇ ಇಲ್ಲ. ವರ್ಷಗಳು ಕಳೆದಂತೆ ಹಡಗುಗಳು ಹೆಚ್ಚಿದವು, ಮಕ್ಕಳು ಬಂದರು, ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಬಂದರು. ಯಾವುದೋ ಒಂದು ಹಡಗಿನಲ್ಲಿ ಕಾಯಿಲೆಯ ಸರಪಳಿ ತುಂಡಾಗದೆ ದಡ ಮುಟ್ಟಿತು.

ಮುಟ್ಟಿದ ಕೂಡಲೇ ನಡೆದದ್ದಕ್ಕೆ ದಾಖಲೆ ಇದೆ. ಹಿಸ್ಪಾನಿಯೋಲಾದ ಆಡಳಿತ ನೋಡುತ್ತಿದ್ದ ಪಾದ್ರಿಗಳು 1519ರ ಜನವರಿಯಲ್ಲಿ ದೊರೆಗೆ ಪತ್ರ ಬರೆದು, ಅಲ್ಲಿನ ಮೂಲ ಜನರಲ್ಲಿ ಮೂರನೆಯ ಒಂದು ಪಾಲು ಆಗಲೇ ಸತ್ತಿದ್ದಾರೆ ಎಂದು ತಿಳಿಸಿದರು. ಇಲ್ಲಿ ಒಂದು ಮಾತನ್ನು ನಾನು ಒತ್ತಿ ಹೇಳಬೇಕು. ಆ ದ್ವೀಪದಲ್ಲಿ 1492ರಲ್ಲಿ ಲಕ್ಷಗಟ್ಟಲೆ ಜನರಿದ್ದರು. 1514ರಲ್ಲಿ ದುಡಿಮೆಗೆ ಹಂಚಿಕೊಳ್ಳಲೆಂದು ಸ್ಪೇನಿನವರು ಎಣಿಸಿದಾಗ ಸಿಕ್ಕಿದ್ದು ಸುಮಾರು 26,000. ಅಂದರೆ ಸಿಡುಬು ಇನ್ನೂ ಕಾಲಿಡುವ ನಾಲ್ಕು ವರ್ಷ ಮೊದಲೇ, ಚಿನ್ನದ ಗಣಿಯ ಜೀತ, ಹಸಿವು, ಕೊಲೆಗಳು ದ್ವೀಪವನ್ನು ಬರಿದು ಮಾಡಿದ್ದವು. ರೋಗದ ಹೆಸರಿನಲ್ಲಿ ಆ ಕ್ರೌರ್ಯವನ್ನು ತೊಳೆದುಹಾಕಲು ಬರುವುದಿಲ್ಲ. ರೋಗ ಮತ್ತು ದಬ್ಬಾಳಿಕೆ ಒಂದರ ಹೆಗಲ ಮೇಲೆ ಒಂದು ಕೈಯಿಟ್ಟು ನಡೆದವು.

ಹಿಸ್ಪಾನಿಯೋಲಾದಿಂದ ಕ್ಯೂಬಾ. ಕ್ಯೂಬಾದಿಂದ ಮೆಕ್ಸಿಕೊ ದಡಕ್ಕೆ ಕೆಲವೇ ದಿನಗಳ ಪಯಣ, ಕಾಯಿಲೆಗೆ ಈಗ ಕಡಲು ಅಡ್ಡಿಯಲ್ಲ. 1520ರ ಏಪ್ರಿಲ್‌ನಲ್ಲಿ ಪಾನ್ಫಿಲೊ ದೆ ನಾರ್ವಾಯೆಸ್ ಎಂಬವನು ಹದಿನೆಂಟರಷ್ಟು ಹಡಗುಗಳಲ್ಲಿ ಸುಮಾರು 900 ಜನರನ್ನು ತುಂಬಿಕೊಂಡು ಬಂದಿಳಿದ. ಬಂದದ್ದು ಕೊರ್ತೆಸ್‌ಗೆ ನೆರವಾಗಲು ಅಲ್ಲ. ಆಜ್ಞೆ ಮೀರಿದ್ದಕ್ಕಾಗಿ ಅವನನ್ನು ಹಿಡಿದುಕೊಂಡು ಹೋಗಲು. ಕೊರ್ತೆಸ್ ಮೇ ಕೊನೆಯಲ್ಲಿ ಅವನನ್ನೇ ಸೋಲಿಸಿ ಅವನ ಸೈನಿಕರನ್ನು ತನ್ನ ಕಡೆಗೆ ಸೇರಿಸಿಕೊಂಡ. ಆ ಹಡಗುಗಳಿಂದಲೇ ಸಿಡುಬು ಮೆಕ್ಸಿಕೊದ ನೆಲಕ್ಕೆ ಇಳಿಯಿತು. ಹಳೆಯ ಬರಹಗಳು ಇದರ ಹೊಣೆಯನ್ನು ಒಬ್ಬ ಆಫ್ರಿಕನ್ ಗುಲಾಮನ ತಲೆಗೆ ಕಟ್ಟುತ್ತವೆ. ಆ ಹಡಗುಗಳಲ್ಲಿ ಸಿಡುಬು ಹಬ್ಬಿದ್ದ ಕ್ಯೂಬಾದಿಂದ ಕರೆತಂದ ಮೂಲನಿವಾಸಿ ಆಳುಗಳೂ ಇದ್ದರು ಎಂಬುದನ್ನು ನೆನೆದರೆ, ಒಬ್ಬನನ್ನೇ ಬೊಟ್ಟುಮಾಡುವುದು ನ್ಯಾಯವಾಗಿ ಕಾಣುವುದಿಲ್ಲ.

ಕಡಲ ತಡಿಯಿಂದ ರಾಜಧಾನಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಆ ನಾಡಿನಲ್ಲಿ ಎತ್ತಿಲ್ಲ, ಕತ್ತೆಯಿಲ್ಲ, ಬಂಡಿಯಿಲ್ಲ. ಮೆಕ್ಕೆಜೋಳ, ಹತ್ತಿ, ಕೋಕೋ ಬೀಜ ಎಲ್ಲವೂ ಹಮಾಲರ ಬೆನ್ನಿನ ಮೇಲೇ ಸಾಗಬೇಕು. ಹಣೆಗೆ ಪಟ್ಟಿ ಕಟ್ಟಿ ಬೆನ್ನಿಗೆ ಹೊರೆ ಇಳಿಬಿಟ್ಟುಕೊಂಡು ನಡೆಯುವ ಹಮಾಲ ದಿನಕ್ಕೆ 25 ಕಿಲೋಮೀಟರ್ ನಡೆದರೂ, ರೋಗ ಹೊರಗೆ ಕಾಣದ ಆ ಹನ್ನೆರಡು ದಿನಗಳಲ್ಲಿ 300 ಕಿಲೋಮೀಟರ್ ದಾಟುತ್ತಾನೆ. ಜ್ವರ ಬಂದು ಮಲಗುವ ಹೊತ್ತಿಗೆ ಅವನು ಬೇರೊಂದು ಊರಿನಲ್ಲಿರುತ್ತಾನೆ. ಅಲ್ಲಿ ಜನ ಅವನನ್ನು ಸುತ್ತುವರಿದು ಆರೈಕೆ ಮಾಡುತ್ತಾರೆ. ಯಾರಿಗೂ ಈ ಕಾಯಿಲೆಯ ಗುರುತಿಲ್ಲ, ದೂರ ಇರಬೇಕೆಂಬ ಅರಿವೂ ಇಲ್ಲ. ಹೀಗೆ ಟ್ಲಶ್ಕಾಲಾ ದಾಟಿ, ಮಳೆಗಾಲ ಮುಗಿಯುವ ಹೊತ್ತಿಗೆ ಸಿಡುಬು ಟೆನೊಚ್ಟಿಟ್ಲಾನ್ ಹೊಕ್ಕಿತು. ಆಗ ನಗರದೊಳಗೆ ಒಬ್ಬ ಸ್ಪೇನಿನವನೂ ಇರಲಿಲ್ಲ.

ಇನ್ನು ಒಂದು ಮನೆಯೊಳಗೆ ಹೋಗಿ ನೋಡೋಣ. ಸಿಡುಬು ಇದ್ದ ಕಾಲದ ನಮ್ಮ ಹಳ್ಳಿಯ ಮನೆಯೊಂದನ್ನು ಮೊದಲು ನೆನೆಯಿರಿ. ಆರು ಜನರಿದ್ದಾರೆ. ಅಜ್ಜಿಯ ಮುಖದಲ್ಲಿ ಸಿಡುಬಿನ ಕಲೆ, ಅಪ್ಪನ ಕೆನ್ನೆಯಲ್ಲೂ ಕಲೆ, ಅಮ್ಮನಿಗೆ ತವರಿನಲ್ಲೇ ಆಗಿಹೋಗಿದೆ. ಈಗ ಮಗುವಿಗೆ ಅಮ್ಮ ಆದಳು ಎಂದರೆ ಮಲಗುವುದು ಒಂದೆರಡು ಮಕ್ಕಳು. ಬೇವಿನ ಸೊಪ್ಪು ಹಾಸುವವರು, ಗಂಜಿ ಕುಡಿಸುವವರು, ನೀರು ತರುವವರು ಎಲ್ಲರೂ ಎದ್ದು ಓಡಾಡುತ್ತಿರುತ್ತಾರೆ. ಮುಖದ ಮೇಲಿನ ಆ ಕಲೆ ಎಂದರೆ ರೋಗಿಯ ಹತ್ತಿರ ಕೂರಲು ಸಿಕ್ಕ ಅಪ್ಪಣೆ. ಆ ಅಪ್ಪಣೆಗೆ ತೆತ್ತ ಬೆಲೆಯೂ ಕಡಿಮೆಯಲ್ಲ, ಸಿಡುಬು ತಗುಲಿದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು ಸಾಯುತ್ತಿದ್ದರು. ಆದರೂ ಊರು ಎಂಬುದು ನಿಂತಿರುತ್ತಿತ್ತು.

ಈಗ 1520ರ ಟೆನೊಚ್ಟಿಟ್ಲಾನಿನ ಮನೆ. ಅಲ್ಲೂ ಆರು ಜನ, ಆದರೆ ಯಾರೊಬ್ಬರ ಮುಖದಲ್ಲೂ ಕಲೆಯಿಲ್ಲ. ಮೊದಲು ಒಬ್ಬನಿಗೆ ಜ್ವರ, ಗುಳ್ಳೆ. ಉಳಿದ ಐವರು ಅವನನ್ನು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುವಾಗಲೇ ಐವರಿಗೂ ಸೋಂಕು ತಗಲುತ್ತದೆ. ಹನ್ನೆರಡು ದಿನ ಕಳೆದ ಮೇಲೆ, ಎರಡು ಮೂರು ದಿನ ಆಚೀಚೆಯಾಗಿ, ಐವರೂ ಒಟ್ಟಿಗೆ ಮಲಗುತ್ತಾರೆ. ಮೊದಲನೆಯವನು ಆ ಹೊತ್ತಿಗೆ ಸತ್ತಿದ್ದಾನೆ, ಇಲ್ಲವೇ ಎದ್ದು ಕೂರಲೂ ಆಗದಷ್ಟು ಸೋತಿದ್ದಾನೆ. ಪಕ್ಕದ ಮನೆಯಿಂದ ಯಾರಾದರೂ ಬರುವರೇ ಎಂದರೆ ಅಲ್ಲೂ ಇದೇ ಕಥೆ. ನೀರು ತರುವವರಿಲ್ಲ. ಒಲೆ ಹಚ್ಚುವವರಿಲ್ಲ.

ಅನ್ನದ ಮಾತಂತೂ ಇನ್ನೂ ಕಷ್ಟ. ಅವರ ಊಟ ಮೆಕ್ಕೆಜೋಳದ ರೊಟ್ಟಿ. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ತೊಳೆದು, ಮೆತಾತೆ ಎಂಬ ಕಲ್ಲಿನ ಮೇಲೆ ಅರೆಯಬೇಕು. ನಮ್ಮಲ್ಲಿ ಕೆಲವು ಕಡೆ ಮಸಾಲೆ ಅರೆಯುವ ಚಪ್ಪಟೆ ಕಲ್ಲು ಮತ್ತು ಅದರ ಗುಂಡು ಇವೆಯಲ್ಲ, ಹೆಚ್ಚುಕಡಿಮೆ ಅದೇ ಬಗೆಯದು. ಅದರ ಮುಂದೆ ಮಂಡಿಯೂರಿ, ಮೈಭಾರವನ್ನೆಲ್ಲ ತೋಳಿನ ಮೇಲೆ ಹಾಕಿ, ಹೆಂಗಸರು ಒಂದು ಸಂಸಾರದ ಹಿಟ್ಟಿಗೆ ದಿನಕ್ಕೆ ಹಲವು ಗಂಟೆ ಅರೆಯುತ್ತಿದ್ದರು. ಮೈತುಂಬ ಕೀವಿನ ಗುಳ್ಳೆ ಎದ್ದವಳು ಆ ಕಲ್ಲಿನ ಮುಂದೆ ಕೂರಲಾರಳು. ಅರೆದ ಹಿಟ್ಟು ಮರುದಿನಕ್ಕೆ ಹುಳಿಯುವುದರಿಂದ ದಾಸ್ತಾನೂ ಇಲ್ಲ. ಕಣಜದಲ್ಲಿ ಜೋಳವಿದ್ದೂ ಜನ ಉಪವಾಸ ಬೀಳುವುದು ಹೀಗೆ. ಮೊತೊಲಿನಿಯಾ ಎಂಬ ಪಾದ್ರಿ ಕೆಲವೇ ವರ್ಷಗಳ ಬಳಿಕ ಆ ನಾಡಿಗೆ ಬಂದು, ಕಂಡವರಿಂದ ಕೇಳಿ ಇದನ್ನೇ ಬರೆದಿಟ್ಟ: ಎಲ್ಲರೂ ಒಂದೇ ಸಲ ಮಲಗಿದ್ದರಿಂದ ಒಬ್ಬರಿಗೊಬ್ಬರು ಆಗಲಾಗಲಿಲ್ಲ, ರೊಟ್ಟಿ ಮಾಡಿಕೊಡುವವರಿಲ್ಲದೆ ಅನೇಕರು ಹಸಿವಿನಿಂದ ಸತ್ತರು. ಮನೆಮಂದಿಯೆಲ್ಲ ಸತ್ತ ಕಡೆ ಹೂಳುವುದು ಸಾಧ್ಯವಾಗದೆ ಮನೆಯನ್ನೇ ಹೆಣಗಳ ಮೇಲೆ ಕೆಡವಿದರು ಎಂದೂ ಬರೆದ.

ಅಮೆರಿಕದ ಜನರ ಮೈಯೇ ದುರ್ಬಲ ಎಂಬ ಮಾತನ್ನು ಹಿಂದೆ ಬಹಳ ಜನ ಬರೆದರು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಸಿಡುಬು ಕಂಡರಿಯದ ಯಾವ ನಾಡಿನವರ ಮೈಯಾದರೂ ಸಿಡುಬಿಗೆ ಹೊಸದೇ. ಅಲ್ಲಿ ವಿಶೇಷವಾದದ್ದು ದೇಹಕ್ಕಿಂತ ಹೆಚ್ಚಾಗಿ ಕಾಲದ ಲೆಕ್ಕ. ಒಂದು ತಲೆಮಾರಿನ ಉದ್ದಕ್ಕೂ ಹರಡಿಹೋಗಬೇಕಾದ ಕಾಯಿಲೆ ಎರಡು ತಿಂಗಳಿಗೆ ಕುಗ್ಗಿತು. ಆ ಜನರಿಗೆ ಸಿಡುಬು, ದಡಾರದಂಥವು ಗೊತ್ತಿರದಿದ್ದುದಕ್ಕೂ ಕಾರಣವಿದೆ. ಇಂಥ ರೋಗಗಳಲ್ಲಿ ಹಲವು ಪ್ರಾಣಿಗಳಿಂದ ಮನುಷ್ಯರಿಗೆ ದಾಟಿ ಬಂದವು. ದಡಾರದ ವೈರಸ್ಸಿನ ಹತ್ತಿರದ ನಂಟು ದನಗಳ ದೊಡ್ಡರೋಗದ ವೈರಸ್ಸಿನದು. ದನ, ಕುರಿ, ಹಂದಿ, ಕುದುರೆಗಳ ಜೊತೆ ಸಾವಿರಾರು ವರ್ಷ ಒಂದೇ ಸೂರಿನಡಿ ಬದುಕಿದ್ದು ನಮ್ಮ ಕಡೆಯ ಭೂಖಂಡಗಳ ಜನ. ಅಮೆರಿಕದಲ್ಲಿ ಸಾಕಿದ್ದು ನಾಯಿ, ಟರ್ಕಿ ಕೋಳಿ, ಲಾಮಾ, ಅಲ್ಪಾಕಾ, ಗಿನಿ ಇಲಿ, ಒಂದು ಜಾತಿಯ ಬಾತು, ಇಷ್ಟೇ.

ನಗರದಲ್ಲಿ ಸಿಡುಬಿನ ಉಪಟಳ ಅರವತ್ತು ದಿನ ನಡೆಯಿತು ಎಂದು ಅದನ್ನು ಕಂಡ ಹಿರಿಯರು ಮುಂದೆ ಹೇಳಿ ಬರೆಸಿದರು. ಆಮೇಲೆ ಅದು ಚಾಲ್ಕೊ ಕಡೆಗೆ ಸರಿಯಿತು. ಅವರ ನಾವಾಟ್ಲ್ ಭಾಷೆಯಲ್ಲಿ ಇದಕ್ಕಿದ್ದ ಹೆಸರು ವೆಯಿ ಸಾವಾಟ್ಲ್, ದೊಡ್ಡ ಗುಳ್ಳೆ. ಸತ್ತವರ ಎಣಿಕೆ ಯಾರೂ ಇಟ್ಟಿಲ್ಲ. ಎರಡು ಲಕ್ಷ ಜನರಲ್ಲಿ ನೂರಕ್ಕೆ ಮೂವತ್ತು ಎಂದು ಹಿಡಿದರೆ 60,000. ಅರವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಸಾವಿರ. ಕೊರ್ತೆಸ್ ಹಡಗಿನಲ್ಲಿ ತಂದ ಇಡೀ ಪಡೆಗೆ ಎರಡರಷ್ಟು ಜನ ಪ್ರತಿದಿನ, ಎರಡು ತಿಂಗಳು. ಇದು ಅಂದಾಜಿನ ಗುಣಾಕಾರ, ದಾಖಲೆಯಲ್ಲ. ಆದರೆ ಇಲ್ಲಿ ಹೆಚ್ಚಿಸಿ ಹೇಳಿದ್ದೇನೂ ಇಲ್ಲ. ಮೂವತ್ತು ಎಂಬುದು ಆರೈಕೆ ಮಾಡುವವರಿದ್ದ ನಾಡುಗಳಲ್ಲೇ ಕಂಡ ಸಾವಿನ ಪ್ರಮಾಣ.

ಸತ್ತವರಲ್ಲಿ ಒಬ್ಬನ ಹೆಸರು ಕ್ವಿಟ್ಲಾವಾಕ್. ದೊರೆ ಮೊಕ್ತೆಸುಮಾನ ತಮ್ಮ. ಸ್ಪೇನಿನವರನ್ನು ಊರಿನಿಂದ ಓಡಿಸಿದ ಪಡೆಯ ನಾಯಕ, ಅಣ್ಣನ ನಂತರ ಪಟ್ಟಕ್ಕೆ ಬಂದವನು. ಅವನು ಆಳಿದ್ದು ಎಂಬತ್ತು ದಿನ. ಒಂದು ಸಲ ಗೆದ್ದು ತೋರಿಸಿದ್ದ ಸೇನಾಪತಿಯನ್ನೇ ಸಿಡುಬು ಎತ್ತಿಕೊಂಡು ಹೋಯಿತು. ಪಟ್ಟ ಕ್ವಾವ್ಟೆಮೊಕ್ ಎಂಬ ತರುಣನಿಗೆ ಬಂತು. ಅವನು ಕೊನೆಯವರೆಗೂ ಎದೆಗುಂದದೆ ಹೋರಾಡಿದ, ಆದರೆ ಅವನ ಕೈಗೆ ಸಿಕ್ಕಿದ್ದು ಹೆಣ ಹೊತ್ತು ಸುಸ್ತಾದ ಊರು.

ಕೊರ್ತೆಸ್‌ನ ಮಿತ್ರರನ್ನೂ ಸಿಡುಬು ಬಿಡಲಿಲ್ಲ. ಟ್ಲಶ್ಕಾಲಾದ ಹಿರಿಯ ಒಡೆಯ ಮಾಶಿಶ್ಕಾಟ್ಸಿನ್ ಸತ್ತ. ಸುತ್ತಲಿನ ಅನೇಕ ಊರುಗಳ ಒಡೆಯರು ಸತ್ತರು. ಎರಡೂ ಕಡೆ ಸಮನಾಗಿ ಹೊಡೆತ ಬಿದ್ದ ಮೇಲೆ ಲಾಭ ಯಾರಿಗೆ ಎಂದು ಕೇಳಬಹುದು. ಲಾಭ ಸಾಯದವನಿಗೆ. ಸ್ಪೇನಿನವರಲ್ಲಿ ಬಹುಪಾಲಿಗೆ ಸಿಡುಬು ಎಂದೋ ಆಗಿಹೋಗಿತ್ತು, ಅವರು ಎದ್ದು ನಿಂತಿದ್ದರು. ಒಡೆಯನಿಲ್ಲದ ಊರುಗಳಲ್ಲಿ ಉತ್ತರಾಧಿಕಾರದ ಜಗಳ ಎದ್ದಿತು. ಮುಂದಿನ ಒಡೆಯ ಯಾರು ಎಂಬುದನ್ನು ತೀರ್ಮಾನಿಸಲು ಜನ ತನ್ನ ಬಳಿಗೆ ಬರುತ್ತಿದ್ದರೆಂದು ಕೊರ್ತೆಸ್ ತಾನೇ ಸ್ಪೇನಿನ ದೊರೆಗೆ ಬರೆದಿದ್ದಾನೆ. ಜೂನ್ ಕೊನೆಯಲ್ಲಿ ಜೀವ ಉಳಿದರೆ ಸಾಕು ಎಂದು ಓಡಿದವನು ವರ್ಷ ಮುಗಿಯುವಷ್ಟರಲ್ಲಿ ಪಟ್ಟ ಕಟ್ಟುವವನಾದ. ಅವನು ಕೂರಿಸಿದ ಒಡೆಯರು ಅವನಿಗೆ ಋಣಿಗಳು. ಕೇಳಿದಾಗ ಹಮಾಲರನ್ನೂ ಯೋಧರನ್ನೂ ಜೋಳವನ್ನೂ ಕಳಿಸುವವರು. ಸಿಡುಬಿನಿಂದ ಸೈನಿಕ ಶಕ್ತಿಗೆ ದಾಟಿದ ಸೇತುವೆ ಇದೇ ಎಂದು ನನ್ನ ಎಣಿಕೆ. ಕೊಂದ ಸಂಖ್ಯೆಯಷ್ಟೇ, ಅಥವಾ ಅದಕ್ಕಿಂತ ಹೆಚ್ಚಾಗಿ, ಖಾಲಿಯಾದ ಗದ್ದುಗೆಗಳು ಅವನಿಗೆ ಒದಗಿಬಂದವು.

1521ರ ಬೇಸಗೆಯಲ್ಲಿ ಕೊರ್ತೆಸ್ ಮರಳಿ ಬಂದಾಗ ಅವನ ಜೊತೆ ಇದ್ದ ಸ್ಪೇನಿನವರು ಸಾವಿರದೊಳಗೆ, ಸ್ಥಳೀಯ ಮಿತ್ರಯೋಧರು ಹತ್ತಾರು ಸಾವಿರ. ಸರೋವರಕ್ಕೆ 13 ಸಣ್ಣ ಯುದ್ಧನೌಕೆಗಳನ್ನು ಇಳಿಸಿದ. ಚಪುಲ್ಟೆಪೆಕ್ ಗುಡ್ಡದಿಂದ ನಗರಕ್ಕೆ ಕುಡಿಯುವ ನೀರು ತರುತ್ತಿದ್ದ ಕಾಲುವೆಯನ್ನು ಒಡೆದ. ಸರೋವರದ ನೀರು ಉಪ್ಪು. ಎರಡೂವರೆ ತಿಂಗಳ ಮುತ್ತಿಗೆಯಲ್ಲಿ ಜನ ಬಾಯಾರಿಕೆಗೆ ಆ ಉಪ್ಪುನೀರನ್ನೇ ಕುಡಿದರು, ಹಲ್ಲಿ, ಹುಲ್ಲು, ತೊಗಲನ್ನು ತಿಂದರು. ರೋಗವೊಂದೇ ಈ ನಗರವನ್ನು ಕೆಡವಿತು ಎಂದರೆ ಆ ಎರಡೂವರೆ ತಿಂಗಳು ಬೀದಿಬೀದಿಯಲ್ಲಿ ಕಾದವರಿಗೆ ಅಪಚಾರವಾಗುತ್ತದೆ. ರೋಗವಿಲ್ಲದಿದ್ದರೂ ಬೀಳುತ್ತಿತ್ತು ಎನ್ನುವುದಕ್ಕೂ ನನಗೆ ಧೈರ್ಯವಿಲ್ಲ.

ದಕ್ಷಿಣ ಅಮೆರಿಕದಲ್ಲೂ ಖಾಲಿ ಗದ್ದುಗೆಯ ಕಥೆಯೇ. ಇಂಕಾ ಸಾಮ್ರಾಟ ವೈನಾ ಕಪಾಕ್ ಸ್ಪೇನಿನ ಪಡೆ ಬರುವ ಕೆಲವು ವರ್ಷ ಮೊದಲು ಒಂದು ಸಾಂಕ್ರಾಮಿಕದಲ್ಲಿ ಸತ್ತ. ಅದು ಸಿಡುಬು ಎಂದು ಹಲವರ ಮತ, ಎಲ್ಲರೂ ಒಪ್ಪುವುದಿಲ್ಲ. ಅವನು ಆರಿಸಿದ್ದ ಉತ್ತರಾಧಿಕಾರಿಯೂ ಸತ್ತುದರಿಂದ ಇನ್ನಿಬ್ಬರು ಮಕ್ಕಳು ಸಿಂಹಾಸನಕ್ಕಾಗಿ ಬಡಿದಾಡಿಕೊಂಡರು. ಆ ಕಾದಾಟ ಆಗಷ್ಟೇ ಮುಗಿದಿದ್ದಾಗ, 1532ರ ನವೆಂಬರ್ 16ರಂದು, ಆ ಸ್ಪೇನಿನ ಪಡೆಯ ನಾಯಕ ಪಿಸಾರೊ ಕಾಹಮಾರ್ಕಾದಲ್ಲಿ ಗೆದ್ದ ಮಗ ಅತಾವಾಲ್ಪನನ್ನು ಸೆರೆಹಿಡಿದ. ಪಿಸಾರೊನ ಜೊತೆ ಇದ್ದವರು 168 ಜನ.

ಮೆಕ್ಸಿಕೊದಲ್ಲಿ 1520ರದು ಮೊದಲ ಏಟು ಅಷ್ಟೆ. 1531ರಲ್ಲಿ ದಡಾರ. 1545ರಲ್ಲಿ ಕೊಕೊಲಿಸ್ಟ್ಲಿ ಎಂದು ಅವರು ಕರೆದ ಮಹಾಮಾರಿ, ಮೂಗು ಬಾಯಿಗಳಲ್ಲಿ ರಕ್ತ ಸುರಿದು ಜನ ಸಾಯುತ್ತಿದ್ದರು. 1576ರಲ್ಲಿ ಅದೇ ಮತ್ತೊಮ್ಮೆ. 1545ರ ಹೊತ್ತಿನ ಒಂದು ಸ್ಮಶಾನದಲ್ಲಿ ಸಿಕ್ಕ ಹಲ್ಲುಗಳೊಳಗಿಂದ ವಿಜ್ಞಾನಿಗಳು 2018ರಲ್ಲಿ ಪ್ಯಾರಾಟೈಫಾಯ್ಡ್ ತರುವ ಒಂದು ಬಗೆಯ ಸಾಲ್ಮೊನೆಲ್ಲಾದ ಕುರುಹು ಹೊರತೆಗೆದರು. ಒಂದೊಂದು ಏಟಿನ ನಡುವೆ ಜನಸಂಖ್ಯೆ ಚೇತರಿಸಿಕೊಳ್ಳಲು ಒಂದು ತಲೆಮಾರು ಬೇಕು. ಆ ತಲೆಮಾರು ಬೆಳೆಯುವಷ್ಟರಲ್ಲೇ ಮುಂದಿನ ಏಟು. ನೂರು ಜನರಿಂದ ಶುರುಮಾಡಿ ಪ್ರತಿ ಏಟಿಗೆ ಮೂರನೆಯ ಒಂದು ಪಾಲು ಕಳೆಯುತ್ತ ಬಂದರೆ ನಾಲ್ಕು ಏಟಿನ ಕೊನೆಗೆ ಉಳಿಯುವವರು ಇಪ್ಪತ್ತು. ನಡುಮೆಕ್ಸಿಕೊದಲ್ಲಿ 1519ರಲ್ಲಿ ಎರಡೂವರೆ ಕೋಟಿ ಜನರಿದ್ದರು, 1605ರ ವೇಳೆಗೆ ಹತ್ತು ಲಕ್ಷ ಉಳಿದರು ಎಂಬುದು ಕುಕ್ ಮತ್ತು ಬೊರಾ ಎಂಬ ಇಬ್ಬರು ವಿದ್ವಾಂಸರ ಲೆಕ್ಕ. ಮೊದಲ ಸಂಖ್ಯೆ ತೀರ ಹೆಚ್ಚಾಯಿತು ಎನ್ನುವವರು ಅದನ್ನು ಐದನೆಯ ಒಂದು ಪಾಲಿಗೆ ಇಳಿಸುತ್ತಾರೆ. ಹಾಗೆ ಇಳಿಸಿದರೂ ಐವರಲ್ಲಿ ನಾಲ್ವರು ಇಲ್ಲವಾದರು ಎಂದಾಗುತ್ತದೆ.

ಆ ನಗರದ ಸಿಡುಬನ್ನು ನಾವು ಕಣ್ಣಿನಿಂದ ನೋಡಬಹುದು. ಬೆರ್ನಾರ್ದಿನೊ ದೆ ಸಾಹಗುನ್ ಎಂಬ ಪಾದ್ರಿ ನಾವಾಟ್ಲ್ ಮಾತಾಡುವ ನಾವಾ ಹಿರಿಯರನ್ನು ಕೇಳಿ, ನಾವಾ ಬರಹಗಾರರ ಕೈಯಲ್ಲೇ ಬರೆಸಿ, ಚಿತ್ರ ಬರೆಸಿ ಹನ್ನೆರಡು ಭಾಗಗಳ ದೊಡ್ಡ ಗ್ರಂಥವೊಂದನ್ನು ಮಾಡಿಸಿದ. ಅದು ಈಗ ಇಟಲಿಯ ಫ್ಲಾರೆನ್ಸಿನಲ್ಲಿದೆ. ಅದರ ಕೊನೆಯ ಭಾಗದಲ್ಲಿ ಒಂದು ಚಿಕ್ಕ ಚಿತ್ರ. ಚಾಪೆಗಳ ಮೇಲೆ ರೋಗಿಗಳು ಮಲಗಿದ್ದಾರೆ, ಮುಖ ಮೈಯೆಲ್ಲ ಚುಕ್ಕೆ ಚುಕ್ಕೆ. ಒಬ್ಬ ಪಕ್ಕಕ್ಕೆ ಹೊರಳಿದ್ದಾನೆ, ಇನ್ನೊಬ್ಬ ಅಂಗಾತ ಮಲಗಿದ್ದಾನೆ. ಹೊರಳಿಸಿದರೆ ಚೀರುತ್ತಿದ್ದರೆಂದು ಆ ಹಿರಿಯರು ಹೇಳಿದ್ದು ಇವರನ್ನೇ ಕುರಿತು. ಒಬ್ಬ ರೋಗಿಯ ಹತ್ತಿರ ಮಾತ್ರ ಒಬ್ಬಳು ಹೆಂಗಸು ಕೂತಿದ್ದಾಳೆ. ಅವಳ ಬಾಯಿಯ ಮುಂದೆ ಸುರುಳಿಯೊಂದನ್ನು ಬರೆದಿದ್ದಾರೆ, ಆ ನಾಡಿನ ಚಿತ್ರಕಾರರಲ್ಲಿ ಅದು ಮಾತಿನ ಗುರುತು. ಅವಳು ರೋಗಿಗೆ ಏನೋ ಹೇಳುತ್ತಿದ್ದಾಳೆ.

ಗ್ರಂಥದ ಮೊದಲ ಭಾಗಗಳ ಚಿತ್ರಗಳಿಗೆ ಕೆಂಪು, ನೀಲಿ, ಹಳದಿ ಬಣ್ಣಗಳಿವೆ. ಈ ಚಿತ್ರಕ್ಕೆ ಬಣ್ಣವಿಲ್ಲ, ಬರೀ ಕಪ್ಪು ಗೆರೆ. ಆ ಪುಟಗಳು ಸಿದ್ಧವಾಗುತ್ತಿದ್ದುದು 1576ರಲ್ಲಿ, ಟ್ಲಟೆಲೊಲ್ಕೊದ ಮಠದಲ್ಲಿ, ಹೊರಗೆ ಎರಡನೆಯ ಕೊಕೊಲಿಸ್ಟ್ಲಿ ಜನರನ್ನು ಕೊಲ್ಲುತ್ತಿದ್ದಾಗ. ಬಣ್ಣಗಳ ಸರಬರಾಜು ನಿಂತುಹೋದದ್ದೇ ಕಾರಣವಿರಬೇಕೆಂದು ಆ ಗ್ರಂಥವನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ.